ನಿಫ್ಟಿ ಪುಟ್ ಕೊಳ್ಳುವುದೇ, ಕಾಲರ್ ಹಾಕುವುದೇ? ಷೇರು ಹೂಡಿಕೆಯ ರಕ್ಷಣೆಯ ಖರ್ಚು ಮತ್ತು ಫಲ, ಹಂತ ಹಂತವಾಗಿ

ಹತ್ತಾರು ವರ್ಷ ಕೂಡಿಟ್ಟ ಷೇರುಗಳನ್ನು ಮಾರಲು ಮನಸ್ಸಿಲ್ಲ, ಆದರೆ ಮುಂದಿನ ಮೂರು ತಿಂಗಳಲ್ಲಿ ಪೇಟೆ ಕುಸಿದೀತೆಂಬ ಅಳುಕು ಇದೆ ಎನ್ನುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಗೊತ್ತುಪಡಿಸಿದ ಮಟ್ಟಕ್ಕಿಂತ ನಿಫ್ಟಿ ಎಷ್ಟು ಕೆಳಗಿಳಿಯುತ್ತದೋ ಅಷ್ಟು ಹಣ ತಂದುಕೊಡುವ ಪುಟ್ ಆಪ್ಷನ್ ಕೊಂಡು ಸುಮ್ಮನಿರುವುದು. ಇದು ವಿಮೆಯ ಕಂತು ಕಟ್ಟಿದ ಹಾಗೆ. ಇನ್ನೊಂದು, ಅದೇ ಪುಟ್ ಕೊಂಡು, ಮೇಲಿನ ಮಟ್ಟದ ಒಂದು ಕಾಲ್ ಆಪ್ಷನ್ ಮಾರಿ, ಅಂದರೆ ನಿಫ್ಟಿ ಆ ಮಟ್ಟ ದಾಟಿದರೆ ದಾಟಿದಷ್ಟನ್ನು ಕೊಡುವ ಹೊಣೆ ಹೊತ್ತು, ಬಂದ ಹಣದಿಂದ ಪುಟ್‌ನ ಖರ್ಚನ್ನು ತಗ್ಗಿಸಿಕೊಳ್ಳುವುದು. ಇದಕ್ಕೆ ಕಾಲರ್ ಎನ್ನುತ್ತಾರೆ. ಎರಡನೆಯದು ಬಹುತೇಕ ಪುಕ್ಕಟೆ ಎಂಬ ಮಾತು ಪೇಟೆಯಲ್ಲಿ ಚಾಲ್ತಿಯಲ್ಲಿದೆ. ಅದು ಪುಕ್ಕಟೆಯಲ್ಲ, ಖರ್ಚು ಎಲ್ಲಿ, ಯಾವಾಗ, ಯಾವ ರೂಪದಲ್ಲಿ ಬರುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ಅದನ್ನು ಇಲ್ಲಿ ತೋರಿಸುತ್ತೇನೆ.

ಉದಾಹರಣೆಯ ಬೆಲೆಗಳು ನಾನು ಲೆಕ್ಕಕ್ಕಾಗಿ ಹಿಡಿದವು. ಪೇಟೆ ಶಾಂತವಾಗಿರುವಾಗ ಆಪ್ಷನ್‌ಗಳು ಸಾಮಾನ್ಯವಾಗಿ ನಡೆಯುವ ಮಟ್ಟಕ್ಕೆ ಅವು ಹತ್ತಿರವಾಗಿವೆ, ಆದರೆ ಇಂದಿನ ದರಗಳಲ್ಲ.

ಹಂತ 1: ಎಷ್ಟಕ್ಕೆ ರಕ್ಷಣೆ ಬೇಕೆಂದು ಅಳೆಯುವುದು

ನಿಮ್ಮ ಬಳಿ 30 ಲಕ್ಷ ರೂಪಾಯಿಯ ಷೇರುಗಳಿವೆ ಎಂದುಕೊಳ್ಳಿ. ಹೆಚ್ಚಿನವು ದೊಡ್ಡ ಕಂಪನಿಗಳವು: ಎರಡು ಬ್ಯಾಂಕು, ಎರಡು ಐಟಿ, ಒಂದು ವಾಹನ ಕಂಪನಿ, ಮತ್ತೆ ನಾಲ್ಕೈದು ಬಿಡಿ ಷೇರುಗಳು. ನಿಫ್ಟಿ ಶೇ. 1 ಇಳಿದರೆ ನಿಮ್ಮ ಹೂಡಿಕೆ ಎಷ್ಟು ಇಳಿಯುತ್ತದೆ ಎಂಬುದೇ ಬೀಟಾ. ಎರಡು ವರ್ಷಗಳ ವಾರದ ಬೆಲೆಗಳನ್ನು ತೆಗೆದುಕೊಂಡು, ನಿಮ್ಮ ಹೂಡಿಕೆಯ ವಾರದ ಶೇಕಡಾವಾರು ಬದಲಾವಣೆಯನ್ನು ಒಂದು ಕಾಲಮ್‌ನಲ್ಲೂ ನಿಫ್ಟಿಯದ್ದನ್ನು ಪಕ್ಕದ ಕಾಲಮ್‌ನಲ್ಲೂ ಹಾಕಿದರೆ, ಎಕ್ಸೆಲ್‌ನಲ್ಲಿ ಒಂದೇ ಸೂತ್ರ ಸಾಕು.

```
=SLOPE(B2:B105, C2:C105)
```

ಇಲ್ಲಿ B ನಿಮ್ಮ ಹೂಡಿಕೆ, C ನಿಫ್ಟಿ. ಉತ್ತರ 1.08 ಬಂದಿತೆಂದು ಇಟ್ಟುಕೊಳ್ಳೋಣ. ಅಂದರೆ ನೀವು ರಕ್ಷಿಸಬೇಕಾದದ್ದು 30 ಲಕ್ಷವನ್ನಲ್ಲ, 32.4 ಲಕ್ಷದ ನಿಫ್ಟಿಗೆ ಸಮನಾದ ಅಪಾಯವನ್ನು. ನಿಫ್ಟಿ 25,000ದಲ್ಲಿದ್ದು, ಒಂದು ಒಪ್ಪಂದದ ಕನಿಷ್ಠ ಗಾತ್ರವಾದ ಲಾಟ್ 65 ಯೂನಿಟ್ ಆಗಿದ್ದರೆ ಒಂದು ಲಾಟ್‌ನ ಮೌಲ್ಯ 16.25 ಲಕ್ಷ. 32.4ನ್ನು 16.25ರಿಂದ ಭಾಗಿಸಿದರೆ 1.99, ಅಂದರೆ ಎರಡು ಲಾಟ್, 130 ಯೂನಿಟ್.

ಲಾಟ್ ಗಾತ್ರವನ್ನು ಎನ್‌ಎಸ್‌ಇ ಆಗಾಗ ಬದಲಿಸುತ್ತಿರುತ್ತದೆ. 2023ರಲ್ಲಿ ಅದು 50 ಇತ್ತು, 2024ರಲ್ಲಿ 25ಕ್ಕೆ ಇಳಿಯಿತು, ಅದೇ ವರ್ಷದ ನವೆಂಬರ್‌ನಲ್ಲಿ 75 ಆಯಿತು. ಹಾಗಾಗಿ ಆರ್ಡರ್ ಹಾಕುವ ದಿನ ಒಪ್ಪಂದದ ವಿವರ ನೋಡಿಯೇ ಭಾಗಾಕಾರ ಮಾಡಬೇಕು. ಹೂಡಿಕೆ ಹತ್ತು ಲಕ್ಷಕ್ಕಿಂತ ಕಡಿಮೆಯಿದ್ದರೆ ಒಂದು ಲಾಟ್ ಕೂಡ ಅಗತ್ಯಕ್ಕಿಂತ ದೊಡ್ಡದಾಗುತ್ತದೆ. ಅಂಥವರು ಕಾಲ್ ಮಾರಿದರೆ ಕೈಯಲ್ಲಿರುವ ಷೇರುಗಳು ಅದಕ್ಕೆ ಪೂರ್ತಿ ಆಸರೆಯಾಗುವುದಿಲ್ಲ. ಅವರಿಗೆ ಕಾಲರ್ ಸಲ್ಲದು.

ಬೀಟಾ ಲೆಕ್ಕಕ್ಕೂ ಒಂದು ಮಿತಿಯಿದೆ. 2018ರಲ್ಲಿ ನಿಫ್ಟಿ 50 ಸುಮಾರು ಶೇ. 3 ಏರಿ ವರ್ಷ ಮುಗಿಸಿದರೆ, ನಿಫ್ಟಿ ಮಿಡ್‌ಕ್ಯಾಪ್ 100 ಸುಮಾರು ಶೇ. 15 ಕುಸಿಯಿತು. ಆ ವರ್ಷ ಮಧ್ಯಮ ಗಾತ್ರದ ಕಂಪನಿಗಳ ಷೇರು ಹಿಡಿದು ನಿಫ್ಟಿ ಪುಟ್ ಕೊಂಡವರಿಗೆ ಎರಡೂ ಕಡೆ ಪೆಟ್ಟು ಬಿತ್ತು. ಎಕ್ಸೆಲ್‌ನಲ್ಲಿ `=RSQ(B2:B105, C2:C105)` ಎಂದು ಹಾಕಿ ನೋಡಿ. ಉತ್ತರ 0.6ಕ್ಕಿಂತ ಕಡಿಮೆ ಬಂದರೆ ನಿಮ್ಮ ಷೇರುಗಳು ನಿಫ್ಟಿಯ ಜೊತೆ ಸಾಕಷ್ಟು ಹೆಜ್ಜೆ ಹಾಕುತ್ತಿಲ್ಲವೆಂದು ನಾನು ಎಣಿಸುತ್ತೇನೆ. ಅಂಥ ಹೂಡಿಕೆಗೆ ಆಪ್ಷನ್ ರಕ್ಷಣೆಗಿಂತ ಒಂದಿಷ್ಟು ಮಾರಿ ಹಗುರಾಗುವುದೇ ಸರಿಯಾದ ದಾರಿ.

ಹಂತ 2: ಪುಟ್‌ನ ಬೆಲೆಯನ್ನು ಹೂಡಿಕೆಯ ಶೇಕಡಾವಾರಿಗೆ ಇಳಿಸುವುದು

ಮೂರು ತಿಂಗಳ ನಂತರ ಮುಗಿಯುವ ತಿಂಗಳ ಕೊನೆಯ ಒಪ್ಪಂದವನ್ನು ಆರಿಸಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಒಪ್ಪಂದಗಳಲ್ಲಿ ವಹಿವಾಟು ಹೆಚ್ಚು, ಅದರಲ್ಲೂ 500 ಮತ್ತು 1,000ದ ಗುಣಕಗಳಾದ ಸ್ಟ್ರೈಕ್‌ಗಳಲ್ಲಿ. ವಾರದ ಆಪ್ಷನ್‌ಗಳು ಅಗ್ಗವಾಗಿ ಕಂಡರೂ ಹದಿಮೂರು ಬಾರಿ ಕೊಳ್ಳಬೇಕಾಗುತ್ತದೆ.

ಸ್ಕ್ರೀನ್ ಮೇಲೆ `NIFTY 24000 PE` ಎಂದು ಕಾಣುವುದು 24,000 ಸ್ಟ್ರೈಕ್‌ನ ಪುಟ್, ಅಂದರೆ ನಿಫ್ಟಿ 24,000ಕ್ಕಿಂತ ಕೆಳಗಿಳಿದರೆ ಹಣ ಕೊಡುವಂಥದ್ದು. ಅದು ಈಗಿನ ಮಟ್ಟಕ್ಕಿಂತ ಶೇ. 4 ಕೆಳಗಿದೆ. ಪ್ರೀಮಿಯಂ, ಅಂದರೆ ಒಂದು ಯೂನಿಟ್‌ನ ಬೆಲೆ, 250 ಎಂದುಕೊಳ್ಳೋಣ. 130 ಯೂನಿಟ್‌ಗೆ 32,500 ರೂಪಾಯಿ, ಅಂದರೆ 30 ಲಕ್ಷದ ಶೇ. 1.08. ಇದನ್ನೇ ವರ್ಷಕ್ಕೆ ನಾಲ್ಕು ಬಾರಿ ಮಾಡಿದರೆ ಶೇ. 4.3. ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಎದುರಿಗಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಹೋಲಿಕೆಯೆಲ್ಲ ಇದರ ಜೊತೆಯೇ ನಡೆಯುತ್ತದೆ.

25,000ದ ಪುಟ್ ಕೊಂಡರೆ ಮೊದಲ ರೂಪಾಯಿಯಿಂದಲೇ ರಕ್ಷಣೆ ಸಿಗುತ್ತದೆ, ಆದರೆ ಬೆಲೆ 520ರ ಆಸುಪಾಸು, ಅಂದರೆ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಮೊದಲ ನಾಲ್ಕು ಶೇಕಡಾ ಇಳಿತವನ್ನು ನೀವೇ ಭರಿಸಿ, ಅದರಾಚೆಗಿನದ್ದನ್ನು ಆಪ್ಷನ್ ಮಾರಿದವರ ಹೆಗಲಿಗೆ ವರ್ಗಾಯಿಸುವುದು ಸಾಮಾನ್ಯ ಹೂಡಿಕೆದಾರರಿಗೆ ಒಗ್ಗುವ ಒಪ್ಪಂದ.

ಹಂತ 3: ಕಾಲ್ ಯಾವ ಮಟ್ಟದಲ್ಲಿ ಮಾರಬೇಕು

ಕಾಲರ್‌ನ ಜೀವ ಇರುವುದು ಈ ಆಯ್ಕೆಯಲ್ಲಿ. ಮೂರು ಮಟ್ಟಗಳನ್ನು ನೋಡೋಣ. 26,000ದ ಕಾಲ್ ಮಾರಿದರೆ ಸುಮಾರು 330 ಸಿಗುತ್ತದೆ; ಪುಟ್‌ನ ಖರ್ಚು ಪೂರ್ತಿ ಹುಟ್ಟಿ 80 ರೂಪಾಯಿ ಕೈಗೆ ಬರುತ್ತದೆ, ಆದರೆ ನಿಫ್ಟಿ ಶೇ. 4ಕ್ಕಿಂತ ಮೇಲೆ ಏರಿದರೆ ಲಾಭವೆಲ್ಲ ಬೇರೆಯವರ ಪಾಲು. 26,300ರ ಹತ್ತಿರ ಸುಮಾರು 240–250 ಸಿಗುವುದರಿಂದ ಖರ್ಚು ಸೊನ್ನೆಗೆ ಬರುತ್ತದೆ. 26,500ರ ಕಾಲ್‌ಗೆ 190 ಸಿಗುತ್ತದೆ, ನಿವ್ವಳ ಖರ್ಚು 60 ಉಳಿಯುತ್ತದೆ.

ಸೊನ್ನೆ ಖರ್ಚಿನ ಕಾಲರ್‌ನಲ್ಲಿ ಕೆಳಗೆ ಶೇ. 4, ಮೇಲೆ ಶೇ. 5.2 ಸಿಕ್ಕಿದ್ದನ್ನು ನೋಡಿ ಇದು ನಮ್ಮ ಪರವಾಗಿಯೇ ಇದೆ ಎಂದು ಅನೇಕರು ಹಿಗ್ಗುತ್ತಾರೆ. ಆದರೆ ಆಪ್ಷನ್‌ಗಳ ಬೆಲೆ ನಿಂತಿರುವುದು ಇಂದಿನ ನಿಫ್ಟಿಯ ಮೇಲಲ್ಲ, ಅದೇ ತಿಂಗಳ ಕೊನೆಗೆ ನಿಫ್ಟಿಯನ್ನು ಕೊಳ್ಳಲು ಈಗಲೇ ಗೊತ್ತುಮಾಡಿಕೊಳ್ಳುವ ಫ್ಯೂಚರ್ ಬೆಲೆಯ ಮೇಲೆ. ಮೂರು ತಿಂಗಳ ಬಡ್ಡಿ ಸೇರಿ ಫ್ಯೂಚರ್ 25,330ರ ಹತ್ತಿರ ಇರುತ್ತದೆ. ಅಲ್ಲಿಂದ ಅಳೆದರೆ ಪುಟ್ ಶೇ. 5.2 ಕೆಳಗಿದೆ, ಕಾಲ್ ಕೇವಲ ಶೇ. 3.8 ಮೇಲಿದೆ. ಕುಸಿತದ ಭಯಕ್ಕೆ ಪೇಟೆ ಏರಿಕೆಯ ಆಸೆಗಿಂತ ಹೆಚ್ಚಿನ ಬೆಲೆ ಕಟ್ಟುವುದರಿಂದ ಹೀಗಾಗುತ್ತದೆ. ಸೊನ್ನೆ ಖರ್ಚು ಎಂದು ಬರೆದುಕೊಂಡ ಕಡೆಯಲ್ಲೂ ನೀವು ದುಬಾರಿ ವಸ್ತು ಕೊಂಡು ಅಗ್ಗದ ವಸ್ತು ಮಾರಿದ್ದೀರಿ.

ನಾನು 26,500ನ್ನು ಆರಿಸುತ್ತೇನೆ. ಅಲ್ಲಿ ವಹಿವಾಟು ಹೆಚ್ಚಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂರು ತಿಂಗಳಲ್ಲಿ ಶೇ. 6ರ ಏರಿಕೆಯನ್ನು ಉಳಿಸಿಕೊಳ್ಳಲು 60 ರೂಪಾಯಿ ಕೊಡುವುದು ನ್ಯಾಯವೆನಿಸುತ್ತದೆ. ಒಟ್ಟು ಖರ್ಚು 60 × 130, ಅಂದರೆ 7,800 ರೂಪಾಯಿ, ಹೂಡಿಕೆಯ ಶೇ. 0.26.

ಹಂತ 4: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು

ಮೂರು ತಿಂಗಳ ಕೊನೆಯಲ್ಲಿ ನಿಫ್ಟಿ ಎಲ್ಲಿ ನಿಂತರೆ ನಿಮ್ಮ ಒಟ್ಟು ಲಾಭನಷ್ಟ ಎಷ್ಟು ಎಂಬುದು ಕೆಳಗಿದೆ. ಹೂಡಿಕೆ ಬೀಟಾದಂತೆಯೇ ನಡೆಯಿತೆಂದು ಭಾವಿಸಿದ್ದೇನೆ. ಬ್ರೋಕರೇಜ್, ತೆರಿಗೆ ಸೇರಿಸಿಲ್ಲ.

| ನಿಫ್ಟಿ | ರಕ್ಷಣೆ ಇಲ್ಲದೆ | ಪುಟ್ ಮಾತ್ರ | ಕಾಲರ್ |
|---|---|---|---|
| 20,000 | −6,48,000 | −1,60,500 | −1,35,800 |
| 24,000 | −1,29,600 | −1,62,100 | −1,37,400 |
| 25,000 | 0 | −32,500 | −7,800 |
| 26,500 | +1,94,400 | +1,61,900 | +1,86,600 |
| 28,000 | +3,88,800 | +3,56,300 | +1,86,000 |

ಮೊದಲ ಎರಡು ಸಾಲುಗಳನ್ನು ಗಮನಿಸಿ. ಪೇಟೆ ಶೇ. 4 ಬೀಳಲಿ, ಶೇ. 20 ಬೀಳಲಿ, ಪುಟ್ ಹಿಡಿದವರ ನಷ್ಟ ಸುಮಾರು 1.6 ಲಕ್ಷದಲ್ಲೇ ನಿಲ್ಲುತ್ತದೆ. ಕಾಲರ್ ಹಾಕಿದವರದ್ದು ಅದಕ್ಕಿಂತಲೂ 24,700 ರೂಪಾಯಿ ಕಡಿಮೆ, ಏಕೆಂದರೆ ಕಾಲ್ ಮಾರಿದ ಹಣ ಅವರ ಬಳಿಯೇ ಉಳಿಯಿತು. ಇಳಿಯುವ ಪೇಟೆಯಲ್ಲಿ ಕಾಲರ್ ಯಾವಾಗಲೂ ಮುಂದೆ. ಶಾಂತ ಪೇಟೆಯಲ್ಲೂ ಮುಂದೆ. ಪುಟ್ ಮುಂದೆ ಬರುವುದು ಒಂದೇ ಕಡೆ: ಮಾರಿದ ಕಾಲ್‌ನ ಸ್ಟ್ರೈಕ್‌ಗೆ ಅದರಿಂದ ಬಂದ ಪ್ರೀಮಿಯಂ ಸೇರಿಸಿದ ಮಟ್ಟವನ್ನು ನಿಫ್ಟಿ ದಾಟಿದಾಗ. ನಮ್ಮ ಲೆಕ್ಕದಲ್ಲಿ 26,500 ಮತ್ತು 190 ಸೇರಿ 26,690, ಅಂದರೆ ಇಂದಿನಿಂದ ಸುಮಾರು ಶೇ. 6.8 ಮೇಲೆ.

ಹೀಗಾಗಿ ನಿಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಪೇಟೆ ಬೀಳುತ್ತದೆಯೇ ಎಂಬುದು ಪುಟ್ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುತ್ತದೆ. ಮೂರು ತಿಂಗಳಲ್ಲಿ ಪೇಟೆ ಶೇ. 6.8ಕ್ಕಿಂತ ಹೆಚ್ಚು ಏರುವ ಸಾಧ್ಯತೆಗೆ ನಾನು 24,700 ರೂಪಾಯಿ ಕೊಡಲು ಸಿದ್ಧನೇ ಎಂಬುದು ಪುಟ್ಟೋ ಕಾಲರ್ರೋ ಎಂಬುದನ್ನು ತೀರ್ಮಾನಿಸುತ್ತದೆ. ಚುನಾವಣೆ, ಬಜೆಟ್‌ಗಳ ಆಸುಪಾಸಿನಲ್ಲಿ ಕುಸಿತಕ್ಕೆ ಹೆದರುವವರು ಅದೇ ಘಟನೆ ಅಷ್ಟೇ ಜೋರಾಗಿ ಮೇಲಕ್ಕೂ ತಳ್ಳಬಹುದೆಂಬುದನ್ನು ಮರೆತಿರುತ್ತಾರೆ.

ಹಂತ 5: ಏರುಪೇಟೆಯಲ್ಲಿ ನಗದು ಎಲ್ಲಿಂದ ತರುವುದು

ಪಟ್ಟಿಯಲ್ಲಿ ಕಾಣದ ಖರ್ಚು ಇಲ್ಲಿದೆ. ಪುಟ್ ಕೊಂಡವರು ಪ್ರೀಮಿಯಂ ಕಟ್ಟಿದರೆ ಮುಗಿಯಿತು. ಕಾಲ್ ಮಾರಿದವರು ಮಾರ್ಜಿನ್ ಎಂಬ ಭದ್ರತಾ ಹಣ ಇಡಬೇಕು. ಒಪ್ಪಂದದ ಮೌಲ್ಯದ ಹತ್ತನೇ ಒಂದು ಭಾಗದ ಆಸುಪಾಸು ಎಂದು ಅಂದಾಜಿಸಿಕೊಂಡು, ಖಚಿತ ಮೊತ್ತವನ್ನು ಬ್ರೋಕರ್‌ನ ಮಾರ್ಜಿನ್ ಕ್ಯಾಲ್ಕುಲೇಟರ್‌ನಲ್ಲಿ ನೋಡಬೇಕು. ನಿಮ್ಮ ಡಿಮ್ಯಾಟ್‌ನಲ್ಲಿ 30 ಲಕ್ಷದ ಷೇರುಗಳಿವೆ ಎಂಬ ಕಾರಣಕ್ಕೆ ಎಕ್ಸ್‌ಚೇಂಜ್ ನಿಫ್ಟಿ ಕಾಲ್‌ಗೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಆ ಷೇರುಗಳನ್ನು ಪ್ಲೆಡ್ಜ್ ಮಾಡಿದರೆ, ಒಂದಷ್ಟು ಪ್ರಮಾಣ ಕಡಿತಗೊಳಿಸಿ ಉಳಿದದ್ದನ್ನು ಮಾರ್ಜಿನ್ ಎಂದು ಪರಿಗಣಿಸುತ್ತದೆ, ಅಷ್ಟೇ. ಅದರಲ್ಲೂ ರಾತ್ರಿ ಉಳಿಸಿಕೊಳ್ಳುವ ವಹಿವಾಟಿಗೆ ಮಾರ್ಜಿನ್‌ನ ಅರ್ಧ ಭಾಗ ನಗದು ಅಥವಾ ನಗದಿಗೆ ಸಮನಾದದ್ದೇ ಆಗಿರಬೇಕು. ಲಿಕ್ವಿಡ್ ಫಂಡ್, ಸರ್ಕಾರಿ ಸಾಲಪತ್ರಗಳು ಇದಕ್ಕೆ ಸಲ್ಲುತ್ತವೆ.

ಮಾರ್ಜಿನ್‌ಗಿಂತ ದೊಡ್ಡ ತೊಡಕು ಕೊನೆಯ ದಿನದ್ದು. ನಿಫ್ಟಿ ಆಪ್ಷನ್ ನಗದಿನಲ್ಲಿ ತೀರುತ್ತದೆ. ನಿಫ್ಟಿ 28,000ಕ್ಕೆ ಹೋಗಿ ನಿಂತರೆ ಕಾಲ್‌ಗಾಗಿ ನೀವು 1,95,000 ರೂಪಾಯಿ ಕಟ್ಟಬೇಕು. ನಿಮ್ಮ ಷೇರುಗಳು 3.88 ಲಕ್ಷ ಏರಿವೆ ನಿಜ, ಆದರೆ ಅದು ಕಾಗದದ ಮೇಲಿನ ಲಾಭ.

ನನ್ನ ಪರಿಚಯದ ಮೈಸೂರಿನ ನಿವೃತ್ತ ಉಪನ್ಯಾಸಕರೊಬ್ಬರು 2023ರ ನವೆಂಬರ್ ಕೊನೆಯಲ್ಲಿ ಇಂಥ ಕಾಲರ್ ಹಾಕಿದ್ದರು. ಆಗ ನಿಫ್ಟಿ 20,100ರ ಹತ್ತಿರ ಇತ್ತು. ಅವರು ಡಿಸೆಂಬರ್‌ನ 21,000 ಕಾಲ್ ಮೂರು ಲಾಟ್ ಮಾರಿದ್ದರು. ರಾಜ್ಯಗಳ ಚುನಾವಣಾ ಫಲಿತಾಂಶ ಬಂದ ಮೇಲೆ ಪೇಟೆ ಹಿಂದಿರುಗಿ ನೋಡಲಿಲ್ಲ. ಡಿಸೆಂಬರ್ 28ರಂದು ನಿಫ್ಟಿ 21,778ರಲ್ಲಿ ಮುಗಿಯಿತು. ಆಗಿನ ಲಾಟ್ 50, ಹಾಗಾಗಿ 778 × 150, ಸುಮಾರು 1,16,700 ರೂಪಾಯಿ ಕಟ್ಟಬೇಕಾಯಿತು. "ನಷ್ಟ ಅಲ್ಲ ಅಂತ ಗೊತ್ತು ಮಾರಾಯರೆ, ಷೇರು ಅದಕ್ಕಿಂತ ಜಾಸ್ತಿ ಏರಿದೆ. ಆದರೆ ದುಡ್ಡು ಕೈಯಲ್ಲಿರಬೇಕಲ್ಲ?" ಎಂದು ಅವರು ಫೋನ್ ಮಾಡಿದ್ದು ನೆನಪಿದೆ. ಕೊನೆಗೆ ಠೇವಣಿಯೊಂದನ್ನು ಅವಧಿಗೆ ಮುಂಚೆ ಮುರಿದರು. ಅಂದಿನಿಂದ ನಾನು ಪಾಲಿಸುವ ನಿಯಮವೆಂದರೆ, ಕಾಲ್ ಮಾರುವ ಮುನ್ನ ನಿಫ್ಟಿ ಶೇ. 12 ಏರಿದರೆ ಕಟ್ಟಬೇಕಾದ ಮೊತ್ತವನ್ನು ಲೆಕ್ಕ ಹಾಕಿ, ಅಷ್ಟನ್ನು ಲಿಕ್ವಿಡ್ ಫಂಡ್‌ನಲ್ಲಿ ತೆಗೆದಿಡುವುದು. ತೆಗೆದಿಡಲು ಆಗದಿದ್ದರೆ ಪುಟ್ ಮಾತ್ರ.

ನಿಫ್ಟಿಯ ಬದಲು ಒಂದೇ ಕಂಪನಿಯ ಷೇರಿನ ಮೇಲೆ ಕಾಲರ್ ಹಾಕಿದರೆ ತೊಡಕಿನ ರೂಪ ಬೇರೆ. ಭಾರತದಲ್ಲಿ ಬಿಡಿ ಷೇರುಗಳ ಆಪ್ಷನ್ ಷೇರು ಹಸ್ತಾಂತರದಿಂದಲೇ ತೀರುತ್ತದೆ. ಕಾಲ್ ಮಟ್ಟ ದಾಟಿದರೆ ವರ್ಷಗಟ್ಟಲೆ ಕಾಪಾಡಿಕೊಂಡ ಷೇರನ್ನೇ ಕೊಡಬೇಕಾಗಿ ಬಂದು, ಬಂಡವಾಳ ಲಾಭದ ತೆರಿಗೆಯೂ ಬೀಳುತ್ತದೆ.

ಹಂತ 6: ಯಾವಾಗ ಯಾವುದು ಎಂದು ಇಂಡಿಯಾ ವಿಐಎಕ್ಸ್ ನೋಡಿ ನಿರ್ಧರಿಸುವುದು

ಆಪ್ಷನ್‌ಗಳ ಬೆಲೆಯಲ್ಲಿ ಅಡಗಿರುವ ನಿರೀಕ್ಷಿತ ಏರಿಳಿತವನ್ನು ಇಂಡಿಯಾ ವಿಐಎಕ್ಸ್ ಸೂಚ್ಯಂಕ ತೋರಿಸುತ್ತದೆ. ನಮ್ಮ 250 ರೂಪಾಯಿಯ ಪುಟ್‌ಗೆ ನಾನು ಹಿಡಿದ ಏರಿಳಿತ ವಾರ್ಷಿಕ ಶೇ. 15. ಅದೇ ಶೇ. 30 ಆದರೆ ಪುಟ್‌ನ ಬೆಲೆ ಸುಮಾರು 890ಕ್ಕೆ ಹಾರುತ್ತದೆ. ಏರಿಳಿತ ಎರಡು ಪಟ್ಟಾದರೆ ಬೆಲೆ ಮೂರೂವರೆ ಪಟ್ಟು! ಆದರೆ ಅಂಥ ದಿನ 26,500ರ ಕಾಲ್ ಕೂಡ 870ರ ಹತ್ತಿರಕ್ಕೆ ಏರಿರುತ್ತದೆ. ಕಾಲರ್‌ನ ನಿವ್ವಳ ಖರ್ಚು ಹೆಚ್ಚೇನೂ ಅಲುಗುವುದಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಇದು ಕಣ್ಣೆದುರೇ ನಡೆಯಿತು. ಏಪ್ರಿಲ್ ಕೊನೆಯ ವಾರದಲ್ಲಿ ವಿಐಎಕ್ಸ್ 10–11ರ ಆಸುಪಾಸಿಗೆ ಇಳಿದಿತ್ತು. ಆಗ ಪುಟ್ ಅಗ್ಗ, ಕೊಳ್ಳುವವರು ವಿರಳ. ಮೇ ಕೊನೆಗೆ ಅದು 24 ದಾಟಿತು. ಜೂನ್ 4ರಂದು ನಿಫ್ಟಿ ಒಂದೇ ದಿನ ಸುಮಾರು ಶೇ. 5.9 ಬಿದ್ದಾಗ ಏಪ್ರಿಲ್‌ನಲ್ಲಿ ಕೊಂಡವರಿಗೂ ಮೇ ಕೊನೆಯಲ್ಲಿ ಕೊಂಡವರಿಗೂ ರಕ್ಷಣೆ ಸಿಕ್ಕಿತು, ಆದರೆ ಎರಡನೆಯ ಗುಂಪು ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. ಫಲಿತಾಂಶ ಮುಗಿದ ಮರುದಿನವೇ ವಿಐಎಕ್ಸ್ ಕುಸಿದು ಪೇಟೆ ಚೇತರಿಸಿಕೊಂಡಾಗ, ದುಬಾರಿ ಪುಟ್ ಕರಗಿಹೋಯಿತು.

ನನ್ನ ರೂಢಿ ಹೀಗಿದೆ: ವಿಐಎಕ್ಸ್ 13ಕ್ಕಿಂತ ಕೆಳಗಿದ್ದರೆ ಪುಟ್ ಮಾತ್ರ ಕೊಳ್ಳುತ್ತೇನೆ, ಏರಿಕೆಯನ್ನು ಬಿಟ್ಟುಕೊಡುವಷ್ಟು ದುಬಾರಿ ಅದಾಗಿರುವುದಿಲ್ಲ. 20ರ ಮೇಲಿದ್ದರೆ ಕಾಲರ್, ಏಕೆಂದರೆ ಬೇರೆಯವರ ಭಯ ಉಬ್ಬಿಸಿದ ಕಾಲ್ ಬೆಲೆ ನಮ್ಮ ಪುಟ್‌ನ ಬಿಲ್ಲು ಕಟ್ಟುತ್ತದೆ. ನಡುವೆ ಇದ್ದರೆ ಎರಡು ಪುಟ್ ಕೊಂಡು ಒಂದೇ ಕಾಲ್ ಮಾರುವುದೂ ಉಂಟು. ಖರ್ಚು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಅರ್ಧ ಹೂಡಿಕೆಗೆ ಏರಿಕೆ ಮುಕ್ತವಾಗಿರುತ್ತದೆ.

ಹಂತ 7: ಆರ್ಡರ್ ಹಾಕುವುದು ಮತ್ತು ನಡುದಾರಿಯ ತೀರ್ಮಾನಗಳು

ಮೊದಲು ಪುಟ್ ಕೊಳ್ಳಿ, ಆಮೇಲೆ ಕಾಲ್ ಮಾರಿ. ತಿರುಗುಮುರುಗು ಮಾಡಿದರೆ ನಡುವೆ ಪೇಟೆ ಬಿದ್ದಾಗ ಪುಟ್ ದುಬಾರಿಯಾಗಿ, ಷೇರುಗಳು ರಕ್ಷಣೆಯಿಲ್ಲದೆ ಉಳಿಯುತ್ತವೆ. ಮಾರ್ಕೆಟ್ ಆರ್ಡರ್ ಬೇಡ. ಮೂರು ತಿಂಗಳ ಸ್ಟ್ರೈಕ್‌ಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವೆ ಐದಾರು ರೂಪಾಯಿಯ ಅಂತರ ಇರಬಹುದು. ನಟ್ಟನಡುವಿನ ಬೆಲೆಗೆ ಲಿಮಿಟ್ ಆರ್ಡರ್ ಹಾಕಿ ಕಾಯಬೇಕು. ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ಈ ಅಂತರ ಇನ್ನೂ ಅಗಲವಾಗಿರುತ್ತದೆ.

ಎಕ್ಸ್‌ಪೈರಿಗೆ ಸುಮಾರು ಮೂವತ್ತು ದಿನ ಉಳಿದಾಗ ಎರಡನ್ನೂ ಮುಗಿಸಿ ಮುಂದಿನ ಒಪ್ಪಂದಕ್ಕೆ ಹೋಗುವುದು ಲೇಸು, ಏಕೆಂದರೆ ಕೊನೆಯ ತಿಂಗಳಲ್ಲಿ ಪುಟ್‌ನ ಬೆಲೆ ಅತ್ಯಂತ ವೇಗವಾಗಿ ಸವೆಯುತ್ತದೆ. ಹೀಗೆ ಮಾಡಿದಾಗ ಪುಟ್‌ನಲ್ಲಿ ಉಳಿದ ಅಷ್ಟಿಷ್ಟು ಮೌಲ್ಯ ವಾಪಸ್ ಬಂದು, ಶೇ. 4.3 ಎಂದು ಬರೆದಿಟ್ಟುಕೊಂಡ ವಾರ್ಷಿಕ ಖರ್ಚು ಸಾಮಾನ್ಯವಾಗಿ ಇಳಿಯುತ್ತದೆ.

ನಡುವೆ ನಿಫ್ಟಿ ಜೋರಾಗಿ ಬಿದ್ದು 22,500ಕ್ಕೆ ಬಂದರೆ ನಿಮ್ಮ ಪುಟ್ 1,500ಕ್ಕೂ ಹೆಚ್ಚು ಬೆಲೆ ಬಾಳುತ್ತಿರುತ್ತದೆ, ಮಾರಿದ ಕಾಲ್ ಕೆಲವೇ ರೂಪಾಯಿಗೆ ಇಳಿದಿರುತ್ತದೆ. ಆಗ ಮೊದಲು ಮಾಡಬೇಕಾದದ್ದು ಆ ಕಾಲ್ ಅನ್ನು ಕೊಂಡು ಮುಗಿಸುವುದು. ಉಳಿದ ಹತ್ತಿಪ್ಪತ್ತು ರೂಪಾಯಿಯ ಆಸೆಗೆ ಅದನ್ನು ಹಾಗೇ ಬಿಟ್ಟರೆ, ಚೇತರಿಕೆಯ ಅಲೆ ಬಂದಾಗ ಮಾರ್ಜಿನ್ ಕಟ್ಟಿಹಾಕಿದ ಕಾಲ್ ನಿಮ್ಮ ಕಾಲಿಗೇ ತೊಡರುತ್ತದೆ. ಪುಟ್ ಅನ್ನು ಮಾರಿ 21,500ರಂಥ ಕೆಳಗಿನ ಪುಟ್‌ಗೆ ಇಳಿದರೆ ಲಾಭದ ದೊಡ್ಡ ಪಾಲು ನಗದಾಗುತ್ತದೆ, ಇನ್ನೂ ಬಿದ್ದರೆ ರಕ್ಷಣೆಯೂ ಇರುತ್ತದೆ. ಬಂದ ನಗದಿನಿಂದ ಅಗ್ಗವಾದ ಷೇರು ಕೊಳ್ಳಬಹುದು.

ಇನ್ನು ತೆರಿಗೆ. ಆಪ್ಷನ್‌ನ ಲಾಭನಷ್ಟ ವ್ಯವಹಾರದ ಆದಾಯ, ಷೇರುಗಳದ್ದು ಬಂಡವಾಳ ಲಾಭ. ರಿಟರ್ನ್ ಅನ್ನು `ITR-3` ನಮೂನೆಯಲ್ಲಿ ಸಲ್ಲಿಸಬೇಕು. ಕಾಲ್‌ನಿಂದಾದ ನಷ್ಟವನ್ನು ಸಂಬಳದ ಎದುರು ವಜಾ ಮಾಡಲು ಬರುವುದಿಲ್ಲ. ಅದೇ ವರ್ಷದ ಬೇರೆ ಆದಾಯಗಳ ಎದುರು ಮಾಡಬಹುದು, ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ದು ವ್ಯವಹಾರದ ಆದಾಯದ ಎದುರು ಹೊಂದಿಸಬಹುದು. ಸಂಬಳವೇ ಮುಖ್ಯ ಆದಾಯವಾದವರಿಗೆ ಏರುಪೇಟೆಯ ವರ್ಷ ಕಾಲರ್‌ನ ನಷ್ಟಕ್ಕೆ ತಕ್ಷಣದ ತೆರಿಗೆ ಉಳಿತಾಯ ಸಿಗದೇ ಹೋಗಬಹುದು, ಇಳಿಪೇಟೆಯ ವರ್ಷ ಪುಟ್‌ನ ಲಾಭಕ್ಕೆ ಮಾತ್ರ ತಮ್ಮ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತದೆ. ನಿಫ್ಟಿ 20,000ಕ್ಕೆ ಬಿದ್ದು 5,20,000 ರೂಪಾಯಿ ಪುಟ್‌ನಿಂದ ಬಂದರೂ ಶೇ. 30ರ ಸ್ಲ್ಯಾಬ್‌ನವರ ಕೈಯಲ್ಲಿ ಉಳಿಯುವುದು ಸುಮಾರು 3.7 ಲಕ್ಷ. ಈ ಕೊರತೆಯನ್ನು ತುಂಬಬೇಕೆಂದರೆ ಎರಡರ ಬದಲು ಮೂರು ಲಾಟ್ ಪುಟ್ ಕೊಳ್ಳಬೇಕಾದೀತು, ಆದರೆ ಕಾಲ್ ಎರಡು ಲಾಟ್ ಮೀರಬಾರದು.